ಕಂತು ಕಟ್ಟಿದಷ್ಟೂ ಸಾಲ ಇಳಿಯುವುದಿಲ್ಲ: ಬ್ಯಾಂಕ್ ಸಾಲವನ್ನು ಲೆಕ್ಕಪುಸ್ತಕದಲ್ಲಿ ಬರೆಯುವ ಬಗೆ

ಪ್ರಶ್ನೆ: ಯಂತ್ರ ಕೊಳ್ಳಲೆಂದು ಲೆಕ್ಕದ ವರ್ಷದ ಮೊದಲ ದಿನವೇ ಬ್ಯಾಂಕಿನಿಂದ 6,00,000 ಸಾಲ ಪಡೆದೆ. ಪ್ರೊಸೆಸಿಂಗ್ ಶುಲ್ಕ ಹಿಡಿದುಕೊಂಡು ನನ್ನ ಖಾತೆಗೆ 5,91,000 ಜಮಾ ಮಾಡಿದರು. ವರ್ಷಕ್ಕೆ ಶೇಕಡಾ 12ರ ಬಡ್ಡಿ, 36 ಕಂತುಗಳು, ಪ್ರತಿ ತಿಂಗಳ ಕೊನೆಯ ದಿನ 19,929 ಕಟ್ಟಬೇಕು. ನಾನು ಸಾಲದ ಖಾತೆಯಲ್ಲಿ 5,91,000 ಬರೆದುಕೊಂಡು, ಕಟ್ಟಿದ ಪ್ರತಿ ಕಂತನ್ನೂ ಅದರಿಂದ ಕಳೆಯುತ್ತ ಬಂದೆ. 12 ಕಂತು ಮುಗಿದ ಮೇಲೆ ನನ್ನ ಪುಸ್ತಕದಲ್ಲಿ 3,51,852 ಬಾಕಿ ತೋರಿಸುತ್ತಿದೆ, ಬ್ಯಾಂಕಿನವರು 4,23,345 ಎನ್ನುತ್ತಾರೆ. ತಪ್ಪು ಯಾರದು? ಈಗ ಸರಿಪಡಿಸುವುದು ಹೇಗೆ?

ಉತ್ತರ: ಬ್ಯಾಂಕಿನ ಲೆಕ್ಕ ಸರಿಯಾಗಿದೆ. ಎರಡು ಬಾಕಿಗಳ ನಡುವಿನ ವ್ಯತ್ಯಾಸ 71,493. ಈ ಮೊತ್ತದಲ್ಲಿ 9,000 ಮೊದಲ ದಿನವೇ ಹಿಡಿದುಕೊಂಡ ಶುಲ್ಕ. ಉಳಿದ 62,493 ಒಂದು ವರ್ಷದ ಬಡ್ಡಿ. ಈ ಎರಡು ಖರ್ಚುಗಳೂ ನಿಮ್ಮ ಪುಸ್ತಕದಲ್ಲಿ ಎಲ್ಲಿಯೂ ಖರ್ಚಾಗಿ ದಾಖಲಾಗಿಲ್ಲ, ಆದ್ದರಿಂದ ಸಾಲ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತಿದೆ. ವ್ಯತ್ಯಾಸವು ಕೊನೆಯ ಅಂಕಿಯವರೆಗೂ ಈ ಎರಡೇ ಕಾರಣಗಳಿಂದ ವಿವರಣೆಗೆ ಸಿಗುತ್ತದೆ ಎಂಬುದು ನಿಮ್ಮ ಪಾಲಿಗೆ ಒಳ್ಳೆಯ ಸುದ್ದಿ, ಏಕೆಂದರೆ ಬೇರೆ ತಪ್ಪುಗಳನ್ನು ಹುಡುಕುವ ಅಗತ್ಯವಿಲ್ಲ.

ಮೊದಲು ಸಾಲ ಬಂದ ದಿನದ ನಮೂದನ್ನು ನೋಡೋಣ. ಖಾತೆಗೆ ಬಂದದ್ದು 5,91,000 ಆದರೂ ನೀವು ತೀರಿಸಬೇಕಾದ ಅಸಲು 6,00,000, ಮತ್ತು ಬಡ್ಡಿ ಲೆಕ್ಕವಾಗುವುದೂ ಈ 6,00,000ದ ಮೇಲೆಯೇ. ನಡೆದದ್ದನ್ನು ಎರಡು ಹೆಜ್ಜೆಗಳಾಗಿ ಬಿಡಿಸಿಕೊಂಡರೆ ಸ್ಪಷ್ಟವಾಗುತ್ತದೆ: ಬ್ಯಾಂಕು ನಿಮಗೆ 6,00,000 ಸಾಲ ಕೊಟ್ಟಿತು, ಅದೇ ಕ್ಷಣದಲ್ಲಿ ನೀವು ಬ್ಯಾಂಕಿಗೆ 9,000 ಶುಲ್ಕ ಕೊಟ್ಟಿರಿ. ಕೈ ಬದಲಾಯಿಸದೆ ಮೂಲದಲ್ಲೇ ಹಿಡಿದುಕೊಂಡರು ಎಂಬ ಮಾತ್ರಕ್ಕೆ ಶುಲ್ಕ ಇಲ್ಲವಾಗುವುದಿಲ್ಲ. ಆದ್ದರಿಂದ ಆ ದಿನದ ನಮೂದಿನಲ್ಲಿ ಬ್ಯಾಂಕ್ ಖಾತೆಗೆ 5,91,000 ಡೆಬಿಟ್, ಪ್ರೊಸೆಸಿಂಗ್ ಶುಲ್ಕದ ಖಾತೆಗೆ 9,000 ಡೆಬಿಟ್, ಸಾಲದ ಖಾತೆಗೆ 6,00,000 ಕ್ರೆಡಿಟ್ ಆಗಬೇಕಿತ್ತು. ಸಾಲವಾಗಿ ಬಂದ ಹಣವನ್ನು ಆದಾಯದ ಪಕ್ಕದಲ್ಲಿ ಬರೆಯುವ ತಪ್ಪನ್ನು ನೀವು ಮಾಡಿಲ್ಲ. ಹಲವರು ಎಡವುವುದು ಅಲ್ಲಿಯೇ. ಹಿಂದಿರುಗಿಸಬೇಕಾದ ಹಣ ಹೊಣೆಯೇ ಹೊರತು ಗಳಿಕೆಯಲ್ಲ.

ದೊಡ್ಡ ಸಂಸ್ಥೆಗಳು ಪಾಲಿಸುವ ಲೆಕ್ಕಪತ್ರ ಮಾನದಂಡಗಳಲ್ಲಿ ಇಂಥ ಶುಲ್ಕವನ್ನು ಒಂದೇ ವರ್ಷದ ಖರ್ಚು ಎಂದು ಬರೆಯದೆ, ಸಾಲದ ಅವಧಿಯುದ್ದಕ್ಕೂ ಬಡ್ಡಿಯ ಜೊತೆಗೆ ಹಂಚುವ ಕ್ರಮವಿದೆ. ಆ ಕ್ರಮದಲ್ಲಿ ಸಾಲವು ಶುಲ್ಕ ಕಳೆದ ಮೊತ್ತದಿಂದಲೇ ಆರಂಭವಾಗುತ್ತದೆ, ಅಂದರೆ ನೀವು ಬರೆದ 5,91,000 ಎಂಬ ಅಂಕಿಗೆ ಅಲ್ಲಿ ಜಾಗವಿದೆ. ಆದರೆ ಆಗ ಬಡ್ಡಿಯ ದರವನ್ನೂ ಅದಕ್ಕೆ ತಕ್ಕಂತೆ ಹೊಸದಾಗಿ ಕಂಡುಹಿಡಿಯಬೇಕು, ಮತ್ತು ಪುಸ್ತಕದ ಬಾಕಿ ಕೊನೆಯ ಕಂತಿನವರೆಗೂ ಬ್ಯಾಂಕಿನ ಬಾಕಿಯೊಂದಿಗೆ ತಾಳೆಯಾಗುವುದಿಲ್ಲ. ಸಣ್ಣ ಉದ್ಯಮಕ್ಕೆ ಇದು ಬೇಡದ ತೊಡಕು ಎಂಬುದು ನನ್ನ ಅಭಿಪ್ರಾಯ. ಶುಲ್ಕವನ್ನು ಈ ವರ್ಷದ ಖರ್ಚಾಗಿಯೇ ಬರೆಯಿರಿ. ಹಂಚಲೇಬೇಕು ಎಂದು ನಿಮ್ಮ ಲೆಕ್ಕ ಪರಿಶೋಧಕರು ಹೇಳಿದರೆ ಅದನ್ನು ಮುಂಗಡ ಖರ್ಚು ಎಂಬ ಬೇರೆ ಖಾತೆಯಲ್ಲಿಟ್ಟು ತಿಂಗಳಿಗೆ 250ರಂತೆ ಇಳಿಸಬಹುದು. ಸಾಲದ ಖಾತೆಯನ್ನು ಮಾತ್ರ 6,00,000ದಿಂದಲೇ ಆರಂಭಿಸಿ.

ಇನ್ನು ಕಂತಿನ ವಿಚಾರ. 19,929 ಎಂಬುದು ತಿಂಗಳು ತಿಂಗಳೂ ಬದಲಾಗದ ಮೊತ್ತವಾದರೂ ಅದರೊಳಗಿನ ಎರಡು ಪಾಲುಗಳು ಪ್ರತಿ ತಿಂಗಳೂ ಬದಲಾಗುತ್ತವೆ. ಬ್ಯಾಂಕು ಮೊದಲು ಆ ತಿಂಗಳ ಬಡ್ಡಿಯನ್ನು ತೆಗೆದುಕೊಳ್ಳುತ್ತದೆ, ಉಳಿದದ್ದು ಮಾತ್ರ ಅಸಲಿಗೆ ಹೋಗುತ್ತದೆ. ನಿಮ್ಮ ಬ್ಯಾಂಕು ಕೊಟ್ಟಿರುವ ಬಾಕಿಯನ್ನು ನೋಡಿದರೆ, ವಾರ್ಷಿಕ ದರವನ್ನು 12ರಿಂದ ಭಾಗಿಸಿ ತಿಂಗಳಿಗೆ ಶೇಕಡಾ 1ರಂತೆ ಲೆಕ್ಕ ಹಾಕಿದೆ ಎಂಬುದು ತಿಳಿಯುತ್ತದೆ. ಮೊದಲ ತಿಂಗಳು 6,00,000ಕ್ಕೆ ಬಡ್ಡಿ 6,000. 19,929ರಲ್ಲಿ ಅದನ್ನು ಕಳೆದರೆ ಅಸಲಿಗೆ ಹೋದದ್ದು 13,929. ಉಳಿದ ಸಾಲ 5,86,071. ಎರಡನೆಯ ತಿಂಗಳು ಬಡ್ಡಿ ಹುಟ್ಟುವುದು ಈ 5,86,071ರ ಮೇಲೆ ಮಾತ್ರ, ಆದ್ದರಿಂದ ಅದು 5,861ಕ್ಕೆ ಇಳಿಯುತ್ತದೆ, ಅಸಲಿನ ಪಾಲು 14,068ಕ್ಕೆ ಏರುತ್ತದೆ, ಬಾಕಿ 5,72,003 ಆಗುತ್ತದೆ. ಮೂರನೆಯ ತಿಂಗಳು ಬಡ್ಡಿ 5,720, ಅಸಲು 14,209, ಬಾಕಿ 5,57,794. ಹೀಗೆಯೇ ಸಾಗಿ 12ನೆಯ ಕಂತಿನಲ್ಲಿ ಬಡ್ಡಿ 4,389, ಅಸಲು 15,540 ಆಗಿ, ಬ್ಯಾಂಕು ಹೇಳಿದ 4,23,345ಕ್ಕೆ ಬಂದು ನಿಲ್ಲುತ್ತದೆ.

ಸ್ಪ್ರೆಡ್‌ಶೀಟಿನಲ್ಲಿ ಈ ಪಟ್ಟಿಯನ್ನು ನೀವೇ ಮಾಡಿಕೊಳ್ಳಬಹುದು. ಮೊದಲ ಸಾಲಿನ ನಾಲ್ಕನೆಯ ಕಾಲಮ್ಮಿನಲ್ಲಿ, ಅಂದರೆ D1ರಲ್ಲಿ, 600000 ಎಂದು ಬರೆಯಿರಿ. ಎರಡನೆಯ ಸಾಲಿನ B2ರಲ್ಲಿ ಬಡ್ಡಿ, C2ರಲ್ಲಿ ಅಸಲು, D2ರಲ್ಲಿ ಉಳಿದ ಸಾಲ ಬರುವಂತೆ ಕ್ರಮವಾಗಿ ಈ ಮೂರು ಸೂತ್ರಗಳನ್ನು ಹಾಕಿ, ಕೆಳಗಿನ ಸಾಲುಗಳಿಗೆ ಎಳೆಯಿರಿ:

```
=ROUND(D1*12%/12,0)
=19929-B2
=D1-C2
```

ಪಟ್ಟಿ ಕೊನೆಯಲ್ಲಿ ಸರಿಯಾಗಿ ಸೊನ್ನೆಗೆ ಬರುವುದಿಲ್ಲ. ಕಂತಿನ ನಿಖರ ಮೊತ್ತ 19,928.59; ಬ್ಯಾಂಕು ಅದನ್ನು ಪೂರ್ಣಾಂಕಕ್ಕೆ ಏರಿಸಿರುವುದರಿಂದ ಪ್ರತಿ ತಿಂಗಳೂ ಒಂದಿಷ್ಟು ಹೆಚ್ಚು ಕಟ್ಟಿದಂತಾಗಿ, ಕೊನೆಯ ಕಂತು ಹದಿನೈದು ಇಪ್ಪತ್ತರಷ್ಟು ಕಡಿಮೆಯಾಗುತ್ತದೆ. ಅದಕ್ಕೆ ಗಾಬರಿಯಾಗಬೇಕಿಲ್ಲ.

ಇಲ್ಲಿ ಒಂದು ಅಡ್ಡದಾರಿಯ ಬಗ್ಗೆ ಎಚ್ಚರಿಸಬೇಕು. 36 ಕಂತುಗಳಿಗೆ ಸೇರಿ ನೀವು ಕಟ್ಟುವ ಒಟ್ಟು ಬಡ್ಡಿ ಸುಮಾರು 1,17,430. ಇದನ್ನು 36ರಿಂದ ಭಾಗಿಸಿ, ತಿಂಗಳಿಗೆ 3,262ರಂತೆ ಬಡ್ಡಿ, ಮಿಕ್ಕದ್ದು ಅಸಲು ಎಂದು ಬರೆದುಕೊಂಡು ಹೋಗುವವರಿದ್ದಾರೆ. ಸಾಲ ಪೂರ್ತಿ ತೀರಿದ ದಿನ ಲೆಕ್ಕ ಕೂಡಿಬರುವುದರಿಂದ ಇದರಲ್ಲಿ ತಪ್ಪೇನಿದೆ ಎಂದು ಅನಿಸುತ್ತದೆ. ಆದರೆ ಮೊದಲ ವರ್ಷದಲ್ಲಿ ಇದು ತೋರಿಸುವ ಬಡ್ಡಿ ಸುಮಾರು 39,140, ನಿಜವಾಗಿ ಹೋಗಿರುವುದು 62,493. ಅಂದರೆ ಮೊದಲ ವರ್ಷದ ಲಾಭ 23,000ಕ್ಕೂ ಹೆಚ್ಚು ಉಬ್ಬಿರುತ್ತದೆ, ಕೊನೆಯ ವರ್ಷದ ಲಾಭ ಅಕಾರಣವಾಗಿ ಕುಗ್ಗಿರುತ್ತದೆ, ನಡುವೆ ಯಾವ ತಿಂಗಳಿನಲ್ಲೂ ಬಾಕಿ ಬ್ಯಾಂಕಿನೊಂದಿಗೆ ಹೊಂದುವುದಿಲ್ಲ. ಉಳಿದಿರುವ ಸಾಲಕ್ಕೆ ಮಾತ್ರ ಬಡ್ಡಿ ಎಂಬ ಕರಾರಿದ್ದಾಗ ಬಡ್ಡಿಯನ್ನು ಸಮನಾಗಿ ಹಂಚಲು ಬರುವುದಿಲ್ಲ.

ಈಗ ಪುಸ್ತಕವನ್ನು ಸರಿಪಡಿಸುವ ಕೆಲಸ. ಇದೇ ವರ್ಷದ ಲೆಕ್ಕ ಇನ್ನೂ ಮುಗಿಸಿಲ್ಲವಾದರೆ ಒಂದೇ ಜರ್ನಲ್ ನಮೂದು ಸಾಕು: ಬಡ್ಡಿ ಖರ್ಚಿನ ಖಾತೆಗೆ 62,493 ಡೆಬಿಟ್, ಪ್ರೊಸೆಸಿಂಗ್ ಶುಲ್ಕದ ಖಾತೆಗೆ 9,000 ಡೆಬಿಟ್, ಬ್ಯಾಂಕ್ ಸಾಲದ ಖಾತೆಗೆ 71,493 ಕ್ರೆಡಿಟ್. ಇದರಿಂದ ನಿಮ್ಮ ಸಾಲದ ಬಾಕಿ 3,51,852ರಿಂದ 4,23,345ಕ್ಕೆ ಏರುತ್ತದೆ, ಲಾಭವು 71,493ರಷ್ಟು ಇಳಿಯುತ್ತದೆ. ಬ್ಯಾಂಕ್ ಖಾತೆಯನ್ನು ಮುಟ್ಟಬೇಕಿಲ್ಲ, ಏಕೆಂದರೆ ಬಂದ ಹಣ ಮತ್ತು ಹೋದ ಹಣ ಎರಡನ್ನೂ ನೀವು ಸರಿಯಾಗಿಯೇ ಬರೆದಿದ್ದೀರಿ. ಹೋದ ಹಣ ಯಾವುದಕ್ಕೆ ಹೋಯಿತು ಎಂಬುದಷ್ಟೇ ತಪ್ಪಿತ್ತು. ತಿಂಗಳುವಾರು ಲಾಭ-ನಷ್ಟ ನೋಡುವ ಅಭ್ಯಾಸ ನಿಮಗಿದ್ದರೆ ಒಂದೇ ನಮೂದಿನ ಬದಲು ಆಯಾ ತಿಂಗಳ ದಿನಾಂಕದಲ್ಲಿ ಹನ್ನೆರಡು ನಮೂದುಗಳನ್ನು ಹಾಕುವುದು ಮೇಲು. ಲೆಕ್ಕ ಮುಗಿದು ಸಹಿಯೂ ಆಗಿದ್ದರೆ ಹಳೆಯ ವರ್ಷವನ್ನು ನೀವಾಗಿಯೇ ತೆರೆದು ತಿದ್ದಬೇಡಿ. ಪರಿಶೋಧಕರಿಗೆ ವ್ಯತ್ಯಾಸದ ಲೆಕ್ಕ ತೋರಿಸಿ, ಅದನ್ನು ಯಾವ ವರ್ಷದಲ್ಲಿ ಹೇಗೆ ತೋರಿಸಬೇಕೆಂದು ಕೇಳಿ.

ಮುಂದಿನ ತಿಂಗಳಿಂದ ಕಂತನ್ನು ಬರೆಯುವ ಎರಡು ವಿಧಾನಗಳಿವೆ. ಸಾಮಾನ್ಯವಾಗಿ ಹೇಳಿಕೊಡುವುದು ಒಂದೇ ನಮೂದನ್ನು ಒಡೆಯುವ ವಿಧಾನ: ಬಡ್ಡಿ ಖರ್ಚಿಗೆ 4,233 ಡೆಬಿಟ್, ಸಾಲದ ಖಾತೆಗೆ 15,696 ಡೆಬಿಟ್, ಬ್ಯಾಂಕ್ ಖಾತೆಗೆ 19,929 ಕ್ರೆಡಿಟ್. ಇದರಲ್ಲಿ ದೋಷವಿಲ್ಲ. ಆದರೂ ನನಗೆ ಹಿಡಿಸುವುದು ಇನ್ನೊಂದು. ಬ್ಯಾಂಕು ಕೊಡುವ ಸಾಲದ ಖಾತೆಯ ಸ್ಟೇಟ್‌ಮೆಂಟನ್ನು ತೆಗೆದು ನೋಡಿ: ಹೆಚ್ಚಿನ ಕಡೆ ಅದರಲ್ಲಿ ತಿಂಗಳ ಬಡ್ಡಿ ಒಂದು ಸಾಲಿನಲ್ಲಿ ಸಾಲಕ್ಕೆ ಸೇರಿರುತ್ತದೆ, ಕಂತು ಮತ್ತೊಂದು ಸಾಲಿನಲ್ಲಿ ಇಡಿಯಾಗಿ ಕಳೆದಿರುತ್ತದೆ. ನೀವೂ ಹಾಗೆಯೇ ಬರೆಯಿರಿ. ಮೊದಲು ಬಡ್ಡಿ ಖರ್ಚಿಗೆ 4,233 ಡೆಬಿಟ್, ಸಾಲದ ಖಾತೆಗೆ 4,233 ಕ್ರೆಡಿಟ್. ಅನಂತರ ಸಾಲದ ಖಾತೆಗೆ 19,929 ಡೆಬಿಟ್, ಬ್ಯಾಂಕ್ ಖಾತೆಗೆ 19,929 ಕ್ರೆಡಿಟ್. ಕೊನೆಯ ಬಾಕಿ ಎರಡೂ ವಿಧಾನಗಳಲ್ಲಿ ಒಂದೇ, 4,07,649. ಆದರೆ ಎರಡನೆಯ ವಿಧಾನದಲ್ಲಿ ನಿಮ್ಮ ಪುಸ್ತಕದ ಸಾಲದ ಖಾತೆ ಬ್ಯಾಂಕಿನ ಸ್ಟೇಟ್‌ಮೆಂಟಿನೊಂದಿಗೆ ಸಾಲಿಗೆ ಸಾಲು ಹೊಂದುತ್ತದೆ, ಎಲ್ಲಿ ತಪ್ಪಿತು ಎಂದು ಹುಡುಕಲು ಕಣ್ಣಾಡಿಸಿದರೆ ಸಾಕು. ಇನ್ನೂ ಒಂದು ಅನುಕೂಲವೆಂದರೆ, ಈಗಾಗಲೇ ನಿಮಗೆ ರೂಢಿಯಾಗಿರುವ ಕಂತಿನ ನಮೂದನ್ನು ಬದಲಿಸಬೇಕಾಗಿಲ್ಲ. ಬಿಟ್ಟುಹೋಗುತ್ತಿದ್ದ ಬಡ್ಡಿಯ ನಮೂದೊಂದನ್ನು ಸೇರಿಸಿದರಾಯಿತು.

ಸ್ಟೇಟ್‌ಮೆಂಟನ್ನು ಓದುವಾಗ ಡೆಬಿಟ್ ಮತ್ತು ಕ್ರೆಡಿಟ್‌ಗಳು ನಿಮ್ಮ ಪುಸ್ತಕಕ್ಕೆ ತಿರುವುಮುರುವಾಗಿ ಇರುತ್ತವೆ ಎಂಬುದನ್ನು ನೆನಪಿಡಿ. ನಿಮಗೆ ಹೊಣೆಯಾದ ಸಾಲ ಬ್ಯಾಂಕಿಗೆ ಬರಬೇಕಾದ ಆಸ್ತಿ, ಆದ್ದರಿಂದ ಅವರು ಬಡ್ಡಿಯನ್ನು ಡೆಬಿಟ್ ಎಂದೂ ಕಂತನ್ನು ಕ್ರೆಡಿಟ್ ಎಂದೂ ತೋರಿಸುತ್ತಾರೆ.

ಬಡ್ಡಿಯ ಅಂಕಿಯನ್ನು ಎಲ್ಲಿಂದ ತೆಗೆದುಕೊಳ್ಳಬೇಕು ಎಂಬುದರಲ್ಲೂ ಗೊಂದಲ ಬೇಡ. ನೀವು ಮಾಡಿಕೊಂಡ ಪಟ್ಟಿ ಅಂದಾಜಿಗೆ ಮತ್ತು ಪರೀಕ್ಷೆಗೆ. ಪುಸ್ತಕಕ್ಕೆ ಏರಿಸಬೇಕಾದದ್ದು ಸ್ಟೇಟ್‌ಮೆಂಟಿನ ಅಂಕಿ. ಕೆಲವು ಬ್ಯಾಂಕುಗಳು ದಿನದ ಬಾಕಿಯ ಮೇಲೆ ಬಡ್ಡಿ ಹಾಕುತ್ತವೆ. ಹಾಗೆ ಮಾಡಿದ್ದರೆ 6,00,000ಕ್ಕೆ 31 ದಿನಗಳ ತಿಂಗಳಲ್ಲಿ 365ರ ಲೆಕ್ಕದಂತೆ ಬಡ್ಡಿ ಸುಮಾರು 6,115 ಆಗುತ್ತಿತ್ತು, 28 ದಿನಗಳ ತಿಂಗಳಲ್ಲಿ ಸುಮಾರು 5,523. ಸಾಲ ಕೈಸೇರಿದ ದಿನಕ್ಕೂ ಮೊದಲ ಕಂತಿನ ದಿನಕ್ಕೂ ನಡುವೆ ಪೂರ್ತಿ ತಿಂಗಳು ಇಲ್ಲದಿದ್ದರೆ ಬಿಡಿ ದಿನಗಳ ಬಡ್ಡಿಯೂ ಬರುತ್ತದೆ. ದರ ಬದಲಾಗುವ ಸಾಲವಾಗಿದ್ದರೆ ಕಂತು ಅಷ್ಟೇ ಇದ್ದರೂ ಒಳಗಿನ ಪಾಲುಗಳು ಬದಲಾಗಿರಬಹುದು. ನಿಮ್ಮ ಪಟ್ಟಿಗೂ ಬ್ಯಾಂಕಿನ ಅಂಕಿಗೂ ಹತ್ತು ಇಪ್ಪತ್ತರ ಅಂತರ ಬಂದರೆ ಅದು ಪೂರ್ಣಾಂಕದ್ದೋ ದಿನಗಳದ್ದೋ ಆಗಿರುತ್ತದೆ. ನೂರುಗಳಲ್ಲಿ ಅಂತರ ಬಂದು, ಮುಂದಿನ ತಿಂಗಳುಗಳಲ್ಲೂ ಅದು ಸರಿಹೋಗದಿದ್ದರೆ, ದರ ಬದಲಾಗಿದೆ ಅಥವಾ ತಡವಾದ ಕಂತಿಗೆ ದಂಡ ಸೇರಿದೆ ಎಂದು ಊಹಿಸಿ, ಬ್ಯಾಂಕಿನಲ್ಲಿ ಕೇಳಿ. ದಂಡವನ್ನು ಬಡ್ಡಿಯ ಖಾತೆಯಲ್ಲಿ ಬೆರೆಸದೆ ಬೇರೆಯಾಗಿಯೇ ಬರೆಯುವುದು ಒಳ್ಳೆಯದು, ಇಲ್ಲವಾದರೆ ಮುಂದಿನ ವರ್ಷ ಬಡ್ಡಿಯನ್ನು ಹೋಲಿಸಿ ನೋಡುವಾಗ ಕಾರಣ ತಿಳಿಯದೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ನಿಮ್ಮ ಹಾಗೆ ಬಡ್ಡಿಯನ್ನು ಬರೆಯದೆ ಬಿಟ್ಟವರಿಗೆ ಪುಸ್ತಕವೇ ಒಂದು ಹಂತದಲ್ಲಿ ಸುಳಿವು ಕೊಡುತ್ತದೆ. 5,91,000ದಿಂದ ಪ್ರತಿ ತಿಂಗಳೂ 19,929 ಕಳೆಯುತ್ತ ಹೋಗಿದ್ದರೆ 30ನೆಯ ಕಂತಿನಲ್ಲೇ ಸಾಲದ ಖಾತೆ ತಲೆಕೆಳಗಾಗಿ, ಬ್ಯಾಂಕೇ ನಿಮಗೆ ಹಣ ಕೊಡಬೇಕು ಎಂದು ತೋರಿಸುತ್ತಿತ್ತು, ಆಗಲೂ ಆರು ಕಂತುಗಳು ಬಾಕಿ ಇರುತ್ತಿದ್ದವು. ಇದರ ವಿರುದ್ಧ ದಿಕ್ಕಿನ ತಪ್ಪೂ ಇದೆ: ಪ್ರತಿ ಕಂತನ್ನೂ ಇಡಿಯಾಗಿ ಖರ್ಚು ಎಂದು ಬರೆಯುವುದು. ಅಂಥ ಪುಸ್ತಕದಲ್ಲಿ ಸಾಲದ ಬಾಕಿ ಮೊದಲ ದಿನ ಇದ್ದಲ್ಲಿಂದ ಕದಲುವುದೇ ಇಲ್ಲ, ಮತ್ತು ನಿಮ್ಮ ಸಾಲದ ಲೆಕ್ಕದಲ್ಲಿ ಮೊದಲ ವರ್ಷದ ಖರ್ಚು 1,76,655ರಷ್ಟು ಹೆಚ್ಚಾಗಿ ಕಾಣುತ್ತದೆ. ಆ ಮೊತ್ತ ಈ ವರ್ಷ ತೀರಿದ ಅಸಲು.

ಅಸಲು ಖರ್ಚಲ್ಲ ಎಂದಾಗ ಹೆಚ್ಚಿನವರು ಒಪ್ಪಲು ಹಿಂಜರಿಯುತ್ತಾರೆ, ಅವರ ಆಕ್ಷೇಪ ಅರ್ಥವಾಗುವಂಥದ್ದೇ. ಕೈಯಿಂದ ಹಣ ಹೋಗಿದೆ, ಯಂತ್ರವೂ ಸವೆಯುತ್ತಿದೆ, ಹಾಗಿರುವಾಗ ಯಂತ್ರದ ಬೆಲೆ ಎಂದಾದರೂ ಖರ್ಚಾಗಿ ಬರಬೇಕಲ್ಲವೇ? ಬರುತ್ತದೆ, ಆದರೆ ಸವಕಳಿಯ ಮೂಲಕ ಬರುತ್ತದೆ. ಯಂತ್ರ ಕೊಂಡ ದಿನ ಅದನ್ನು ಆಸ್ತಿಯೆಂದು ಬರೆದು, ಅದು ಎಷ್ಟು ವರ್ಷ ದುಡಿಯುತ್ತದೆ ಎಂಬುದರ ಮೇಲೆ ಪ್ರತಿ ವರ್ಷವೂ ಒಂದು ಪಾಲನ್ನು ಖರ್ಚಿಗೆ ಸೇರಿಸುತ್ತೀರಿ. ಸಾಲವನ್ನು ಮೂರು ವರ್ಷದಲ್ಲಿ ತೀರಿಸಿದರೂ ಯಂತ್ರ ಎಂಟು ವರ್ಷ ದುಡಿಯುವುದಾದರೆ ಸವಕಳಿ ಎಂಟು ವರ್ಷಗಳಿಗೆ ಹರಡುತ್ತದೆ. ಸ್ವಂತ ಹಣದಿಂದ ಕೊಂಡಿದ್ದರೂ ಸವಕಳಿ ಅಷ್ಟೇ ಇರುತ್ತಿತ್ತು. ಸಾಲ ಮಾಡಿದ್ದರಿಂದ ಹೆಚ್ಚಿಗೆ ಬಂದ ಖರ್ಚು ಬಡ್ಡಿ ಮತ್ತು ಶುಲ್ಕ ಮಾತ್ರ. ಅಸಲಿನ ಮರುಪಾವತಿಯನ್ನೂ ಖರ್ಚಾಗಿ ಬರೆದು ಸವಕಳಿಯನ್ನೂ ಹಾಕಿದರೆ ಒಂದೇ ಯಂತ್ರದ ಬೆಲೆಯನ್ನು ಎರಡು ಸಲ ಖರ್ಚು ಹಾಕಿದಂತಾಗುತ್ತದೆ.

ಇದರ ಇನ್ನೊಂದು ಮುಖವನ್ನು ನೀವು ಈ ವರ್ಷವೇ ಕಾಣುತ್ತೀರಿ. ಲಾಭ-ನಷ್ಟದ ಪಟ್ಟಿಯಲ್ಲಿ ಲಾಭ ಇರುತ್ತದೆ, ಬ್ಯಾಂಕ್ ಖಾತೆಯಲ್ಲಿ ಮಾತ್ರ ಅಷ್ಟು ಹಣ ಇರುವುದಿಲ್ಲ. ತೀರಿಸಿದ 1,76,655 ಅಸಲು ಲಾಭದ ಲೆಕ್ಕಕ್ಕೆ ಬಾರದೆ ಖಾತೆಯಿಂದ ಹೊರಗೆ ಹೋಗಿರುವುದೇ ಅದಕ್ಕೆ ಒಂದು ಕಾರಣ. ಈ ಪಾಲು ಮುಂದಿನ ವರ್ಷ ಇನ್ನೂ ಹಿಗ್ಗುತ್ತದೆ: ಬಾಕಿ ಇರುವ 4,23,345ರಲ್ಲಿ ಸುಮಾರು 1,99,000 ಮುಂದಿನ ಹನ್ನೆರಡು ಕಂತುಗಳಲ್ಲಿ ಅಸಲಾಗಿ ಹೋಗುತ್ತದೆ, ಸುಮಾರು 2,24,300 ಅದರ ಮುಂದಿನ ವರ್ಷಕ್ಕೆ ಉಳಿಯುತ್ತದೆ. ಬ್ಯಾಲೆನ್ಸ್ ಶೀಟಿನಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿ, ಒಂದು ವರ್ಷದೊಳಗೆ ತೀರಿಸಬೇಕಾದದ್ದನ್ನು ಚಾಲ್ತಿ ಹೊಣೆಯೆಂದೂ ಉಳಿದದ್ದನ್ನು ದೀರ್ಘಾವಧಿ ಹೊಣೆಯೆಂದೂ ತೋರಿಸಬೇಕು. ಎರಡನ್ನೂ ಒಟ್ಟಿಗೆ ದೀರ್ಘಾವಧಿ ಸಾಲ ಎಂದು ತೋರಿಸಿದರೆ ನಿಮ್ಮ ಕೈಲಿರುವ ಹಣ ಹತ್ತಿರದ ಹೊಣೆಗಳಿಗೆ ಸಾಲುತ್ತದೆ ಎಂಬ ತಪ್ಪು ಕಲ್ಪನೆ ಓದುವವರಿಗೆ ಬರುತ್ತದೆ, ಮತ್ತೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಮೊದಲು ತಿದ್ದುವುದೂ ಅದನ್ನೇ.

ನಿಮ್ಮ ಕಂತು ತಿಂಗಳ ಕೊನೆಯ ದಿನ ಬೀಳುವುದರಿಂದ ವರ್ಷದ ಕೊನೆಗೆ ಬಡ್ಡಿ ಬಾಕಿ ಉಳಿಯುವ ಪ್ರಶ್ನೆ ಬರಲಿಲ್ಲ. ಕಂತಿನ ದಿನ 5 ಆಗಿದ್ದರೆ, ಕೊನೆಯ ಕಂತು ಕಟ್ಟಿದ ಮೇಲೆ ವರ್ಷ ಮುಗಿಯುವವರೆಗಿನ ದಿನಗಳ ಬಡ್ಡಿ ಈ ವರ್ಷದ್ದೇ ಆದರೂ ಅದನ್ನು ಕಟ್ಟುವುದು ಮುಂದಿನ ವರ್ಷ. ಆಗ ಅದನ್ನು ಸಲ್ಲಬೇಕಾದ ಬಡ್ಡಿ ಎಂದು ವರ್ಷದ ಕೊನೆಯ ದಿನ ಬರೆದಿಡಬೇಕಾಗುತ್ತಿತ್ತು.

ಮುಂದೆ ಹಣ ಕೂಡಿಬಂದಾಗ ಒಂದಿಷ್ಟು ಅಸಲನ್ನು ಅವಧಿಗೆ ಮೊದಲೇ ಕಟ್ಟುವ ಯೋಚನೆ ನಿಮಗೆ ಬರಬಹುದು. ಈಗಲೇ 50,000 ಕಟ್ಟಿದರೆ, ಕಂತಿನ ಬಡ್ಡಿ ಪೂರ್ತಿ ಸಂದಿರುವುದರಿಂದ, ಆ ಮೊತ್ತವೆಲ್ಲ ಅಸಲಿಗೇ ಸೇರುತ್ತದೆ. ಅದನ್ನು ಪುಸ್ತಕದಲ್ಲೂ ಪೂರ್ತಿಯಾಗಿ ಸಾಲದ ಖಾತೆಗೇ ಡೆಬಿಟ್ ಮಾಡಬೇಕು, ಕಂತಿನಂತೆ ಒಡೆಯಬಾರದು. ಬಾಕಿ 3,73,345ಕ್ಕೆ ಇಳಿದು, ಮುಂದಿನ ತಿಂಗಳ ಬಡ್ಡಿ 4,233ರ ಬದಲು 3,733 ಆಗುತ್ತದೆ. ಅವಧಿಗೆ ಮುನ್ನ ಕಟ್ಟಿದ್ದಕ್ಕೆ ಬ್ಯಾಂಕು ಶುಲ್ಕ ಹಾಕಿದರೆ ಅದು ಬೇರೆ ಖರ್ಚು. ಆ ದಿನದಿಂದ ನಿಮ್ಮ ಹಳೆಯ ಪಟ್ಟಿ ಕೆಲಸಕ್ಕೆ ಬಾರದು. ಕಂತನ್ನು ಹಾಗೆಯೇ ಇಟ್ಟು ಅವಧಿಯನ್ನು ಕಡಿಮೆ ಮಾಡಿದ್ದಾರೋ, ಅವಧಿಯನ್ನು ಉಳಿಸಿ ಕಂತನ್ನು ಇಳಿಸಿದ್ದಾರೋ ಎಂಬುದನ್ನು ಬ್ಯಾಂಕಿನಿಂದ ಬರಹದಲ್ಲಿ ಪಡೆದು, ಹೊಸ ಬಾಕಿಯಿಂದ ಪಟ್ಟಿಯನ್ನು ಮತ್ತೆ ಆರಂಭಿಸಿ.